ಅಂಕಿ ಹಾಕದೆ ಶುಲ್ಕ ವಿವರಿಸೋದು ಹೇಗೆ? (ಆಡಿಟರ್ ಆಫೀಸಿನ ಸೇವಾಪುಟ)

ಬರಹದ ಕೆಲಸ

ಒಂದು ಸಿಎ ಆಫೀಸಿನ ವೆಬ್‌ಸೈಟಿಗೆ ಕನ್ನಡದಲ್ಲಿ ಸೇವಾಪುಟಗಳನ್ನ ಬರೆದುಕೊಡ್ತಿದ್ದೀನಿ. ಮೊದಲು ಕೈಗೆತ್ತಿಕೊಂಡಿರೋದು ಸಣ್ಣ ವ್ಯಾಪಾರಿಗಳ ಆದಾಯ ತೆರಿಗೆ ರಿಟರ್ನ್ ಪುಟ. ಈಗ ಅಲ್ಲಿರೋದು ಇಷ್ಟೇ: "ಸಮಗ್ರ ತೆರಿಗೆ ಪರಿಹಾರಗಳು. ವೈಯಕ್ತಿಕ ಗಮನ. ಶುಲ್ಕಕ್ಕಾಗಿ ಸಂಪರ್ಕಿಸಿ."

ಇದರಿಂದ ಆಗಿರೋ ತೊಂದರೆ ಎರಡು. ಫೋನ್ ಮಾಡೋರೆಲ್ಲ "ರಿಟರ್ನಿಗೆ ಎಷ್ಟು ತಗೋತೀರಾ?" ಅಂತ ಮಾತ್ರ ಕೇಳ್ತಾರೆ, ಲೆಕ್ಕ ನೋಡದೆ ಆಫೀಸಿನವರಿಗೆ ಉತ್ತರ ಕೊಡೋಕೆ ಆಗಲ್ಲ. ಇನ್ನೊಂದು, ಕಳೆದ ವರ್ಷ ಒಬ್ಬ ಕಕ್ಷಿದಾರರಿಗೆ ರಿಟರ್ನ್ ಸಲ್ಲಿಸಿ ನಾಲ್ಕು ತಿಂಗಳಾದ ಮೇಲೆ ಇಲಾಖೆಯಿಂದ ಹೆಚ್ಚುವರಿ ತೆರಿಗೆ ಕಟ್ಟಿ ಅಂತ ಪತ್ರ ಬಂತು. ಆಫೀಸಿನವರು ಉತ್ತರ ಬರೆದುಕೊಟ್ಟು ಬಿಲ್ ಕಳಿಸಿದ್ರು. "ರಿಟರ್ನಿಗೆ ಅಂತ ಆಗಲೇ ಕೊಟ್ಟಿದ್ದೀನಲ್ಲ, ಮತ್ತೆ ಇದೇನು?" ಅಂತ ಅವರು. ಇಬ್ಬರೂ ಪ್ರಾಮಾಣಿಕರು, ಆದ್ರೆ ಹನ್ನೆರಡು ವರ್ಷದ ಒಡನಾಟ ಅಲ್ಲಿಗೆ ಮುಗೀತು.

ಪುಟದಲ್ಲಿ ಏನು ಬರೆದಿದ್ರೆ ಈ ಜಗಳ ಆಗ್ತಿರಲಿಲ್ಲ ಅನ್ನೋದೇ ನನ್ನ ಪ್ರಶ್ನೆ. ಈ ಕ್ಷೇತ್ರದವರೂ ಹೇಳಿ, ಆಡಿಟರ್ ಹತ್ರ ಹೋಗೋರೂ ಹೇಳಿ.

ನೇರಮಾತು

ಇಷ್ಟೊಂದು ಯೋಚನೆ ಯಾಕೆ? ದರಪಟ್ಟಿ ಹಾಕಿಬಿಡಿ. ಇಷ್ಟ ಇದ್ದೋರು ಬರ್ತಾರೆ.

ಹಳೆ ಲೆಡ್ಜರ್

ಮೇಡಂ, ದರಪಟ್ಟಿ ಹಾಕೋ ಮುಂಚೆ ನಿಮಗೆ ಕೆಲಸ ಕೊಟ್ಟವರನ್ನ ಒಂದು ಮಾತು ಕೇಳಿ. ನಾನು ಮೂವತ್ತು ವರ್ಷ ಈ ವೃತ್ತಿಯಲ್ಲಿದ್ದೆ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಮೊದಲ ಅನುಸೂಚಿ, ಭಾಗ ಒಂದರಲ್ಲಿ 6ನೇ ಖಂಡ ಕಕ್ಷಿದಾರರನ್ನ ಸೆಳೆಯೋದರ ಬಗ್ಗೆ ಇದೆ, 7ನೇ ಖಂಡ ಜಾಹೀರಾತಿನ ಬಗ್ಗೆ. ಸದಸ್ಯರು ವೆಬ್‌ಸೈಟ್ ಇಡಬಹುದು. ಆದ್ರೆ ನಾನಿದ್ದ ಕಾಲದಲ್ಲಿ ಅದು ಹುಡುಕಿಕೊಂಡು ಬಂದವರಿಗೆ ಮಾಹಿತಿ ಸಿಗೋ ಹಾಗಿರಬೇಕಿತ್ತು, ನಾವಾಗಿ ಜನರ ಮುಂದೆ ತಳ್ಳೋ ಹಾಗಿರಲಿಲ್ಲ. ಸಿಎಗಳ ಸಂಸ್ಥೆಯಾದ ಐಸಿಎಐಯ ಆಗಿನ ಮಾರ್ಗಸೂಚಿಯ ಪ್ರಕಾರ ಕಕ್ಷಿದಾರರ ಹೆಸರು, ಪಡೆಯೋ ಶುಲ್ಕ ಇವನ್ನ ಯಾವುದಾದ್ರೂ ನಿಯಂತ್ರಕ ಸಂಸ್ಥೆ ಕೇಳಿದ್ರೆ ಮಾತ್ರ ಹಾಕಬಹುದಿತ್ತು, ಅದೂ ಕೇಳಿದಷ್ಟೇ. ಹಾಗಾಗಿ "ರಿಟರ್ನಿಗೆ ಇಷ್ಟು, ಜಿಎಸ್‌ಟಿಗೆ ಅಷ್ಟು" ಅಂತ ಪುಟದಲ್ಲಿ ಬರೆಯೋಕೆ ನಮ್ಮಲ್ಲಿ ಬಹಳ ಜನ ಒಪ್ಪಲ್ಲ.

"ನಂಬರ್ ಒನ್", "ಅತ್ಯುತ್ತಮ", "ಬೇರೆಯವರಿಗಿಂತ ಕಡಿಮೆ" ಇವೂ ಬೇಡ.

ಅಂಕಿ ಹಾಕಬಾರದು ಅಂದ್ರೆ ಶುಲ್ಕದ ವಿಚಾರವನ್ನೇ ಎತ್ತಬಾರದು ಅಂತ ಅರ್ಥ ಅಲ್ಲ. ಶುಲ್ಕ ಹೇಗೆ ನಿಗದಿಯಾಗುತ್ತೆ, ಯಾವಾಗ ಹೇಳ್ತಾರೆ, ಅದರಲ್ಲಿ ಏನೇನು ಸೇರಿದೆ ಅನ್ನೋದನ್ನ ಬರೆಯಬಹುದು. ನಿಮ್ಮ ಕಕ್ಷಿದಾರರ ಜಗಳ ನೋಡಿ, ಅದು ಮೊತ್ತದ ಜಗಳ ಅಲ್ಲವೇ ಅಲ್ಲ.

ಲೆಕ್ಕಾಚಾರಿ

ಹಳೆ ಲೆಡ್ಜರ್ ಸರ್ ಸ್ವಲ್ಪ ಜಾಸ್ತಿ ಹೆದರಿಸ್ತಿದ್ದಾರೆ ಅನ್ಸುತ್ತೆ. ಐಸಿಎಐಯೇ ಕನಿಷ್ಠ ಶುಲ್ಕದ ಪಟ್ಟಿ ಹೊರಡಿಸಿದೆ, ಅದು ಎಲ್ಲರಿಗೂ ಕಡ್ಡಾಯ. ಅದನ್ನೇ ಪುಟದಲ್ಲಿ ಹಾಕಿದ್ರೆ ಯಾರೂ ಕೇಳಲ್ಲ. ಅದೂ ಬೇಡ ಅಂದ್ರೆ "ವಾಪಸು ಬಂದ ತೆರಿಗೆಯಲ್ಲಿ ಶೇಕಡಾ ಇಷ್ಟು" ಅಂತ ಬರೀರಿ. ಅದು ಮೊತ್ತವೂ ಅಲ್ಲ, ಜನಕ್ಕೂ ಸುಲಭವಾಗಿ ಅರ್ಥವಾಗುತ್ತೆ.

ಹಳೆ ಲೆಡ್ಜರ್

ಪಟ್ಟಿ ಇರೋದು ನಿಜ. ಆದ್ರೆ ಅದು ಶಿಫಾರಸು, ಕಡ್ಡಾಯ ಅಲ್ಲ. ಅದನ್ನ ತಮ್ಮ ದರ ಅಂತ ಪುಟದಲ್ಲಿ ಅಂಟಿಸಿದ್ರೆ ಮತ್ತೆ ದರಪಟ್ಟಿಯೇ ಆಯ್ತಲ್ಲ.

ಶೇಕಡಾವಾರು ಮಾತನ್ನಂತೂ ದಯವಿಟ್ಟು ಯಾರೂ ಬರೀಬೇಡಿ. ಅದೇ ಭಾಗದ 10ನೇ ಖಂಡ ಲಾಭದ ಶೇಕಡಾವಾರು ಶುಲ್ಕವನ್ನೂ ಫಲಿತಾಂಶದ ಮೇಲೆ ನಿಂತ ಶುಲ್ಕವನ್ನೂ ತಡೆಯುತ್ತೆ. ಕೆಲವು ಕೆಲಸಗಳಿಗೆ ವಿನಾಯಿತಿ ಇದೆ, ಆದ್ರೆ ರಿಟರ್ನ್ ತುಂಬಿಕೊಡೋದು ಅದರಲ್ಲಿ ಬರಲ್ಲ. ಬರೆಯೋರು ಗಮನಿಸಬೇಕಾದ್ದು ಇನ್ನೊಂದಿದೆ. ಹಾಗೆ ಶುಲ್ಕ ತಗೊಳ್ಳೋದು ಮಾತ್ರವಲ್ಲ, ತಗೋತೀನಿ ಅಂತ ಮುಂದಿಡೋದೂ ತಪ್ಪು. ಒಬ್ಬ ಕಕ್ಷಿದಾರರೂ ಬರದಿದ್ರೂ ಪುಟದಲ್ಲಿರೋ ಆ ಒಂದು ವಾಕ್ಯ ಸಾಕು, ಆ ಸಿಎ ಉತ್ತರ ಕೊಡಬೇಕಾಗುತ್ತೆ.

ಯೋಚನೆ ಮಾಡಿದ್ರೆ ನಿಯಮ ಸರಿಯಾಗೇ ಇದೆ. ವಾಪಸು ಬರೋ ತೆರಿಗೆ ಹೆಚ್ಚಾದಷ್ಟೂ ಆಫೀಸಿಗೆ ಲಾಭ ಅಂದ್ರೆ, ಇಲ್ಲದ ಕಡಿತ ತೋರಿಸೋ ಆಸೆ ಹುಟ್ಟುತ್ತೆ. ಆಮೇಲೆ ನೋಟಿಸ್ ಬರೋದು ಕಕ್ಷಿದಾರರ ಹೆಸರಿಗೆ.

ಲೆಕ್ಕಾಚಾರಿ

10ನೇ ಖಂಡದ ವಿಚಾರ ಗೊತ್ತಿರಲಿಲ್ಲ, ಒಪ್ಪಿದೆ. ಆದ್ರೆ ದರ ಹಾಕಬಾರದು ಅನ್ನೋದು ಇನ್ನೂ ಒಪ್ಪಿಗೆಯಾಗಿಲ್ಲ. ಮಾರ್ಗಸೂಚಿ ಹೇಳೋದು ಕಕ್ಷಿದಾರರಿಂದ ಪಡೆದ ಶುಲ್ಕದ ಬಗ್ಗೆ. ಮುಂದೆ ಬರೋರಿಗೆ ಹೇಳೋ ದರ ಬೇರೆ ಅಂತ ನನ್ನ ಓದು.

ಹಳೆ ಲೆಡ್ಜರ್

ಹಾಗೆ ಓದೋರೂ ಇದ್ದಾರೆ. ಆದ್ರೆ 7ನೇ ಖಂಡ ಅದರ ಪಕ್ಕದಲ್ಲೇ ಕೂತಿದೆ. ನಿಯಮಗಳೂ ಆಗಾಗ ಪರಿಷ್ಕರಣೆ ಆಗ್ತಿರುತ್ತವೆ, ಪುಟ ಹಾಕೋ ದಿನ ಜಾರಿಯಲ್ಲಿರೋ ಐಸಿಎಐ ನೀತಿ ಸಂಹಿತೆ ತೆಗೆದು ನೋಡಬೇಕು. ಆಫೀಸಿನ ಪಾಲುದಾರರು ಓದಿ ಸಹಿ ಹಾಕಿದ ಮೇಲೇ ಪುಟ ಹೋಗಲಿ.

ಅಂಗಡಿ ಕಾಯೋನು

ನಾ ಅಂಗಡಿ ಇಟ್ಟಾವ. ನನ್ನ ಮಾತೂ ಒಂದು ಕೇಳ್ರಿ. ಎಷ್ಟು ಅಂತ ಪುಟದಾಗ ಬರೀದಿದ್ರೂ ನಡೀತೈತ್ರಿ. ಫೋನ್ ಮಾಡಿ ಕೇಳ್ತೀನಿ. ನನಗ ತಿಳೀದೇ ಇರೋದು, ಹೋದ ವರ್ಷ ತಗೊಂಡಿದ್ದಕ್ಕ ಈ ವರ್ಷ ಎರಡು ಪಟ್ಟು ಯಾಕಾತು ಅನ್ನೋದು. ಅಂಗಡಿ ಅದ, ವ್ಯಾಪಾರ ಅಷ್ಟ, ಲಾಭನೂ ಅಷ್ಟ. ಕೇಳಿದ್ರ "ಕೆಲಸ ಜಾಸ್ತಿ ಆತು" ಅಂದ್ರು. ಏನು ಜಾಸ್ತಿ ಆತು? ಅದನ್ನ ಯಾರೂ ಬಿಡಿಸಿ ಹೇಳಲಿಲ್ಲ.

ಆರ್ಟಿಕಲ್ ಎರಡನೇ ವರ್ಷ

ಅಣ್ಣಾ, ನಿಮ್ಮ ಅಂಗಡಿಯಲ್ಲಿ ಈ ನಡುವೆ ಮೊಬೈಲಿನಲ್ಲಿ ದುಡ್ಡು ತಗೊಳ್ಳೋದು ಶುರು ಮಾಡಿದ್ರಾ? ಅದೂ ನಿಮ್ಮ ಸ್ವಂತ ಉಳಿತಾಯ ಖಾತೆಗೆ?

ಅಂಗಡಿ ಕಾಯೋನು

ಹೌದ್ರಿ ತಂಗಿ. ಮನಿ ಖರ್ಚೂ ಅದರಾಗ, ಅಂಗಡಿ ದುಡ್ಡೂ ಅದರಾಗ.

ಆರ್ಟಿಕಲ್ ಎರಡನೇ ವರ್ಷ

ಹಾಗಾದ್ರೆ ಜಾಸ್ತಿ ಆಗಿರೋದು ಅದೇ ಇರಬೇಕು. ಸಿಎ ಆಫೀಸಿನಲ್ಲಿ ನಾನು ದಿನಾ ಮಾಡೋ ಕೆಲಸ ಇದೇ ಆಗಿರೋದ್ರಿಂದ ಸ್ವಲ್ಪ ವಿವರವಾಗಿ ಹೇಳ್ತೀನಿ.

ಮೊದಲು ನಿಮ್ಮ ಖಾತೆಯಲ್ಲಿ ತಿಂಗಳಿಗೆ ಒಂದು ನಲವತ್ತು ಸಾಲು ಇತ್ತು ಅಂತ ಇಟ್ಕೊಳ್ಳಿ. ವರ್ಷಕ್ಕೆ 480. ಒಂದು ದಿನ ಕೂತರೆ ನೋಡಿ ಮುಗಿಸಬಹುದು. ಈಗ ತಿಂಗಳಿಗೆ 600 ಅಂದ್ರೆ ವರ್ಷಕ್ಕೆ 7,200 ಸಾಲು. ಪ್ರತಿ ಸಾಲಿನಲ್ಲೂ ಒಂದು ಹೆಸರಿನ ತುಂಡು, ಒಂದು ಉದ್ದ ಸಂಖ್ಯೆ ಬಿಟ್ಟರೆ ಬೇರೇನೂ ಇರಲ್ಲ. ಅದು ಗಿರಾಕಿ ಕೊಟ್ಟಿದ್ದಾ, ನಿಮ್ಮ ತಮ್ಮ ಕೈಸಾಲ ವಾಪಸು ಕೊಟ್ಟಿದ್ದಾ, ಮದುವೆಗೆ ಬಂದ ಉಡುಗೊರೆಯಾ ನಮಗೆ ಹೇಗೆ ಗೊತ್ತಾಗಬೇಕು? ಸಣ್ಣ ಸಣ್ಣ ಮೊತ್ತಗಳನ್ನ ಅಂಗಡಿಯದ್ದು ಅಂತ ಒಟ್ಟಿಗೆ ವಿಂಗಡಿಸಿಬಿಡಬಹುದು. ದೊಡ್ಡ ಮೊತ್ತ, ಒಂದೇ ಹೆಸರಿನಿಂದ ಪದೇ ಪದೇ ಬಂದಿದ್ದು ಇವು ಮಾತ್ರ ಉಳಿಯುತ್ತವೆ. ಒಂದು ಮುನ್ನೂರು ಸಾಲು ಉಳಿದ್ರೆ ಅದನ್ನ ಹಾಳೆಗೆ ಇಳಿಸಿ ಕಕ್ಷಿದಾರರಿಗೆ ಕಳಿಸ್ತೀವಿ, "ಎದುರಿಗೆ ಏನು ಅಂತ ಬರೀರಿ" ಅಂತ. ಆ ಹಾಳೆ ವಾಪಸು ಬರೋಕೆ ಎರಡು ವಾರ ಆಗುತ್ತೆ, ಬಂದಾಗ ಅರ್ಧ ಖಾಲಿ ಇರುತ್ತೆ.

ಹೊಸ ವರ್ಷದಿಂದ ಅಂಗಡಿಗೆ ಅಂತಲೇ ಬೇರೆ ಖಾತೆ ಇಟ್ಟುಬಿಡಿ ಅಣ್ಣಾ. ಉಳಿಯೋ ಸಾಲುಗಳಲ್ಲಿ ಮುಕ್ಕಾಲು ಮಾಯವಾಗುತ್ತೆ.

ಬರಹದ ಕೆಲಸ

ಪುಟಕ್ಕೆ ಬೇಕಾಗಿದ್ದು ಇದೇ. "ಕೆಲಸದ ಪ್ರಮಾಣವನ್ನು ಅವಲಂಬಿಸಿ" ಅಂತ ಬರೆದ್ರೆ ಯಾರಿಗೂ ಏನೂ ಹೊಳೆಯಲ್ಲ. "ಅಂಗಡಿಯ ಹಣವೂ ಮನೆಯ ಹಣವೂ ಒಂದೇ ಖಾತೆಯಲ್ಲಿದ್ದರೆ ಶುಲ್ಕ ಹೆಚ್ಚುತ್ತದೆ, ಏಕೆಂದರೆ ಯಾವುದು ಯಾವುದೆಂದು ನಾವು ಒಂದೊಂದು ಸಾಲನ್ನೂ ನೋಡಬೇಕು" ಅಂದ್ರೆ ಅರ್ಥವಾಗುತ್ತೆ. ಓದಿದವರು ಮನಸ್ಸು ಮಾಡಿದ್ರೆ ಮುಂದಿನ ವರ್ಷ ತಮ್ಮ ಶುಲ್ಕವನ್ನ ತಾವೇ ಕಡಿಮೆ ಮಾಡ್ಕೊಳ್ಳಬಹುದು.

ಸಂಬಳದವ

ಸಣ್ಣ ವ್ಯಾಪಾರಿಗಳಿಗೆ ಅಂದಾಜು ಆದಾಯದ ಯೋಜನೆ ಇದೆಯಲ್ಲ. ವಹಿವಾಟಿನ ಶೇ 8 ಆದಾಯ ಅಂತ ತೋರಿಸಿದ್ರೆ ಮುಗೀತು, ಲೆಕ್ಕಪುಸ್ತಕವೇ ಬೇಡ. ಅಂಥವರಿಗೆ 7,200 ಸಾಲು ನೋಡೋದು ಯಾಕೆ? ಅವರಿಗೆಲ್ಲ ಒಂದೇ ಶುಲ್ಕ ಅಂತ ಬರೆದುಬಿಡಿ.

ಹಳೆ ಲೆಡ್ಜರ್

ಅರ್ಧ ಸರಿ. ಪೂರ್ತಿ ಲೆಕ್ಕಪುಸ್ತಕ ಬೇಡ ಅನ್ನೋದು ನಿಜ. ಆದ್ರೆ ಶೇ 8 ಅಂದ್ರೆ ಯಾವುದರ ಶೇ 8? ವಹಿವಾಟು ಎಷ್ಟು ಅಂತ ಮೊದಲು ಗೊತ್ತಾಗಬೇಕಲ್ಲ. ಬ್ಯಾಂಕ್ ಮೂಲಕ, ಡಿಜಿಟಲ್ ಆಗಿ ಬಂದ ಮೊತ್ತಕ್ಕೆ ಶೇ 6, ನಗದಿಗೆ ಶೇ 8, ಹಾಗಾಗಿ ಎರಡನ್ನೂ ಬೇರ್ಪಡಿಸಬೇಕು. ತಮ್ಮ ವಾಪಸು ಕೊಟ್ಟ ಸಾಲದ ಹಣ ವಹಿವಾಟಿನಲ್ಲಿ ಸೇರಿದ್ರೆ ಇಲ್ಲದ ಆದಾಯಕ್ಕೆ ತೆರಿಗೆ ಕಟ್ಟಬೇಕಾಗುತ್ತೆ. ಬಿಟ್ಟುಹೋದ್ರೆ ಮುಂದೆ ಇಲಾಖೆ ಕೇಳಿದಾಗ ಉತ್ತರ ಇರಲ್ಲ. ಕೆಲಸ ಕಡಿಮೆಯಾಗುತ್ತೆ, ಆದ್ರೆ ಆ ಹುಡುಗಿ ಹೇಳಿದ ವಿಂಗಡಣೆ ತಪ್ಪಲ್ಲ.

ಪದಜಿಜ್ಞಾಸು

ಲೆಕ್ಕದ ವಿಷಯ ನನಗೆ ಗೊತ್ತಿಲ್ಲ, ಆದ್ರೆ ಪದಗಳ ಬಗ್ಗೆ ಹೇಳೋದಿದೆ. ಇಂಥ ಪುಟಗಳಲ್ಲಿ "ಮರುಪಾವತಿ" ಅನ್ನೋ ಪದ ನೋಡಿದಾಗೆಲ್ಲ ನಾನು ತಡವರಿಸ್ತೀನಿ. ಕನ್ನಡ ಓದುಗರಿಗೆ ಮರುಪಾವತಿ ಅಂದ್ರೆ ಸಾಲ ತೀರಿಸೋದು, ಅಂದ್ರೆ ನಾವು ಕೊಡೋದು. ಇಲ್ಲಿ ಇಲಾಖೆಯಿಂದ ನಮಗೆ ಬರೋದು. "ರೀಫಂಡ್" ಅನ್ನಿ, ಇಲ್ಲಾಂದ್ರೆ "ವಾಪಸು ಬರುವ ತೆರಿಗೆ" ಅನ್ನಿ. "ಬೇಡಿಕೆ ಪತ್ರ" ಅನ್ನೋದೂ ಹಾಗೇ, ನಾವು ಇಲಾಖೆಗೆ ಏನೋ ಬೇಡ್ತಿದ್ದೀವಿ ಅನ್ನೋ ಹಾಗೆ ಕೇಳಿಸುತ್ತೆ. "ಹೆಚ್ಚುವರಿ ತೆರಿಗೆ ಕಟ್ಟಲು ಬಂದ ಪತ್ರ" ಅಂದ್ರೆ ಉದ್ದವಾಯ್ತು, ಆದ್ರೆ ಯಾರಿಗೂ ಗೊಂದಲ ಇಲ್ಲ.

ಆರ್ಟಿಕಲ್ ಎರಡನೇ ವರ್ಷ

ಎಲ್ಲಕ್ಕಿಂತ ದೊಡ್ಡ ಗೊಂದಲ "ಆಡಿಟ್" ಪದದ್ದು! ನಮ್ಮಲ್ಲಿ ಸಿಎ ಅಂದ್ರೆ "ಆಡಿಟರ್". ಹಾಗಾಗಿ ಅವರ ಹತ್ರ ಮಾಡಿಸೋದೆಲ್ಲ "ಆಡಿಟ್". ವಾರಕ್ಕೆ ಒಬ್ಬರಾದ್ರೂ "ಆಡಿಟ್ ಮಾಡಿಸಬೇಕು" ಅಂತ ಬರ್ತಾರೆ. ಅವರಿಗೆ ಬೇಕಾಗಿರೋದು ಬರೀ ರಿಟರ್ನ್. ಆಡಿಟ್ ಅಂದ್ರೆ ಲೆಕ್ಕವನ್ನ ತಪಾಸಣೆ ಮಾಡಿ ವರದಿಗೆ ಸಹಿ ಹಾಕೋದು, ಅದರ ಕೆಲಸವೂ ಬೇರೆ ಶುಲ್ಕವೂ ಬೇರೆ. ಒಂದು ಸಲ ಇದೇ ಗೊಂದಲದಲ್ಲಿ ಇಪ್ಪತ್ತು ನಿಮಿಷ ಫೋನಿನಲ್ಲಿ ಮಾತಾಡಿ, ಇಬ್ಬರೂ ಬೇರೆ ಬೇರೆ ಕೆಲಸದ ಶುಲ್ಕದ ಬಗ್ಗೆ ಚೌಕಾಸಿ ಮಾಡಿದ್ವಿ. ಪುಟದ ಮೊದಲ ಸಾಲಲ್ಲೇ ಇದನ್ನ ಬಿಡಿಸಿ ಹೇಳಬೇಕು.

ನೇರಮಾತು

ಹಾಗಾದ್ರೆ "ಆಡಿಟರ್" ಅನ್ನೋ ಪದವನ್ನೇ ಬಿಟ್ಟು "ಸನ್ನದು ಲೆಕ್ಕಪರಿಶೋಧಕರು" ಅಂತ ಹಾಕಲಿ.

ಪದಜಿಜ್ಞಾಸು

ಆ ಹೆಸರಲ್ಲಿ ಯಾರು ಹುಡುಕ್ತಾರೆ ಹೇಳಿ? ಬೋರ್ಡಿನಲ್ಲಿ ಇರಲಿ. ಪುಟದ ಒಳಗೆ ಜನ ಆಡೋ ಮಾತೇ ಇರಲಿ.

ಹೊಸಬ_ಇಲ್ಲಿಗೆ

ಎಲ್ಲರಿಗೂ ನಮಸ್ಕಾರ. ಶುಲ್ಕದ ವಿಷಯ ಅಂತ ನೋಡಿ ಬಂದೆ. ನಾನು ಆಡಿಟರ್ ಬದಲಾಯಿಸಬೇಕು ಅಂತಿದ್ದೀನಿ. ಹಳೆಯವರು ನನ್ನ ಕಾಗದ ಕೊಡ್ತಿಲ್ಲ, ಹೊಸಬರು ಅವರಿಂದ ಎನ್ಒಸಿ ತನ್ನಿ ಅಂತಿದ್ದಾರೆ. ನಾನೇನು ಮಾಡಲಿ?

ಹಳೆ ಲೆಡ್ಜರ್

ಈ ಚರ್ಚೆ ಪುಟ ಬರೆಯೋದರ ಬಗ್ಗೆ, ಆದ್ರೂ ಚಿಕ್ಕದಾಗಿ ಹೇಳ್ತೀನಿ. ಆಡಿಟ್ ಕೆಲಸ ಆದ್ರೆ ಹೊಸಬರು ಹಳಬರಿಗೆ ಬರವಣಿಗೆಯಲ್ಲಿ ತಿಳಿಸಲೇಬೇಕು, ಅದು 8ನೇ ಖಂಡ. ತಿಳಿಸೋದು ಅಂದ್ರೆ ಅನುಮತಿ ಬೇಡೋದು ಅಲ್ಲ. ವೃತ್ತಿಯಲ್ಲಿ ತಿಳಿದಿರಬೇಕಾದ ಕಾರಣ ಏನಾದ್ರೂ ಇದೆಯಾ ಅಂತ ಕೇಳೋದು ಅಷ್ಟೇ. ಹಳಬರ ಆಡಿಟ್ ಶುಲ್ಕ ತಕರಾರಿಲ್ಲದ ಬಾಕಿ ಇದ್ರೆ ಮೊದಲು ತೀರಿಸಿ, ಇಲ್ಲದಿದ್ರೆ ಹೊಸಬರಿಗೆ ಒಪ್ಪಿಕೊಳ್ಳೋದು ಕಷ್ಟ. ನಿಮ್ಮದು ಬರೀ ರಿಟರ್ನಾ, ಆಡಿಟ್ಟಾ?

ಹೊಸಬ_ಇಲ್ಲಿಗೆ

ಅದೇ ಗೊತ್ತಿಲ್ಲ ಸರ್. "ಆಡಿಟ್" ಅಂತಲೇ ಹೇಳ್ತಾ ಬಂದಿದ್ದಾರೆ.

ಆರ್ಟಿಕಲ್ ಎರಡನೇ ವರ್ಷ

ನಾನು ಹೇಳಿದ್ದು ಇದನ್ನೇ.

ಇಲಾಖೆಯ ಪೋರ್ಟಲಿಗೆ ನಿಮ್ಮ ಪ್ಯಾನ್ ಹಾಕಿ ಒಳಗೆ ಹೋಗಿ ನೋಡಿ ಸರ್. ಹಿಂದಿನ ರಿಟರ್ನ್‌ಗಳೂ ಆಡಿಟ್ ವರದಿ ಇದ್ರೆ ಅದೂ ಅಲ್ಲೇ ಸಿಗುತ್ತೆ. ಪಾಸ್‌ವರ್ಡ್ ನಿಮ್ಮ ಹತ್ರ ಇದೆ ತಾನೇ?

ಹೊಸಬ_ಇಲ್ಲಿಗೆ

ಇಲ್ಲ. ಅಲ್ಲಿರೋ ಮೊಬೈಲ್ ನಂಬರೂ ಅವರ ಆಫೀಸಿನದ್ದೇ.

ಹಳೆ ಲೆಡ್ಜರ್

ಬರಹದ ಕೆಲಸ ಮೇಡಂ, ಇದನ್ನ ಖಂಡಿತ ಪುಟದಲ್ಲಿ ಸೇರಿಸಿ. ಎಷ್ಟೋ ಆಫೀಸುಗಳು ಅನುಕೂಲಕ್ಕೆ ಅಂತ ತಮ್ಮ ನಂಬರು, ತಮ್ಮ ಇಮೇಲ್ ಕೊಟ್ಟುಬಿಡ್ತಾರೆ. ಇಲಾಖೆಯ ಪತ್ರಗಳೆಲ್ಲ ಆ ಇಮೇಲಿಗೇ ಬರುತ್ತವೆ. ರಿಟರ್ನ್ ಭರಾಟೆಯಲ್ಲಿ ಯಾರೋ ನೋಡದೆ ಹೋದ್ರೆ ಕಕ್ಷಿದಾರರಿಗೆ ನೋಟಿಸ್ ಬಂದಿದ್ದೇ ಗೊತ್ತಾಗಲ್ಲ, ಉತ್ತರ ಕೊಡೋ ಗಡುವು ಕಳೆದುಹೋಗುತ್ತೆ. "ಪೋರ್ಟಲಿನಲ್ಲಿ ನಿಮ್ಮದೇ ಮೊಬೈಲ್, ನಿಮ್ಮದೇ ಇಮೇಲ್ ಇರುತ್ತದೆ. ಒಟಿಪಿ ನಿಮಗೆ ಬರುತ್ತದೆ, ಸಲ್ಲಿಸುವ ದಿನ ನೀವು ಫೋನಿನಲ್ಲಿ ಸಿಗಬೇಕು" ಅಂತ ಸ್ಪಷ್ಟವಾಗಿ ಬರೀರಿ. ಹೊಸಬರೇ, ನೀವು ಮೊದಲು ಆ ಮೊಬೈಲ್, ಇಮೇಲ್ ಬದಲಾಯಿಸ್ಕೊಳ್ಳಿ, ಉಳಿದದ್ದೆಲ್ಲ ಆಮೇಲೆ.

ಬರಹದ ಕೆಲಸ

ಸೇರಿಸ್ತೀನಿ. ಈವರೆಗಿನ ಕರಡು ಹಾಕ್ತಿದ್ದೀನಿ, ತಿದ್ದಿ.

"ನೀವು ಅಂಗಡಿ ಅಥವಾ ಸಣ್ಣ ವ್ಯಾಪಾರ ನಡೆಸುತ್ತಿದ್ದು, ವರ್ಷದ ಆದಾಯ ತೆರಿಗೆ ರಿಟರ್ನ್ ಸಲ್ಲಿಸಬೇಕಿದ್ದರೆ ಈ ಪುಟ ನಿಮಗೆ. ಇದು ಆಡಿಟ್ ಅಲ್ಲ. ಕಾನೂನಿನ ಪ್ರಕಾರ ನಿಮಗೆ ಆಡಿಟ್ ಬೇಕಾಗಿದ್ದರೆ ಕಾಗದ ನೋಡಿದ ಕೂಡಲೇ ಹೇಳುತ್ತೇವೆ. ಅದರ ಕೆಲಸವೂ ಶುಲ್ಕವೂ ಬೇರೆ.

ಶುಲ್ಕವನ್ನು ಫೋನಿನಲ್ಲಿ ಹೇಳುವುದಿಲ್ಲ. ವರ್ಷಪೂರ್ತಿಯ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಹಿಂದಿನ ವರ್ಷದ ರಿಟರ್ನ್ ನೋಡಿ, ಕೆಲಸ ಶುರು ಮಾಡುವ ಮೊದಲೇ ಮೊತ್ತವನ್ನು ಪತ್ರದಲ್ಲಿ ಬರೆದು ಕೊಡುತ್ತೇವೆ. ಬೇಡವೆನಿಸಿದರೆ ಕಾಗದ ವಾಪಸು ಒಯ್ಯಬಹುದು.

ಬ್ಯಾಂಕ್ ಸಾಲುಗಳು ಹೆಚ್ಚಿದ್ದರೆ, ಮನೆಯ ಹಣ ಅಂಗಡಿಯ ಹಣ ಒಂದೇ ಖಾತೆಯಲ್ಲಿದ್ದರೆ, ಆ ವರ್ಷ ನೀವು ಷೇರು ಅಥವಾ ಆಸ್ತಿ ಮಾರಿದ್ದರೆ ಶುಲ್ಕ ಹೆಚ್ಚುತ್ತದೆ. ತೆರಿಗೆ ಎಷ್ಟು ಬಂತು, ಎಷ್ಟು ವಾಪಸು ಸಿಕ್ಕಿತು ಎನ್ನುವುದಕ್ಕೂ ನಮ್ಮ ಶುಲ್ಕಕ್ಕೂ ಸಂಬಂಧವಿಲ್ಲ.

ಕಾಗದಗಳೆಲ್ಲ ಬಂದ ದಿನದಿಂದ ಹತ್ತು ಕೆಲಸದ ದಿನಗಳಲ್ಲಿ ರಿಟರ್ನ್ ಸಿದ್ಧವಾಗುತ್ತದೆ."

ಅಂಗಡಿ ಕಾಯೋನು

ಭಾಳ ಚಲೋ ಆತ್ರಿ. ಆದ್ರ "ಕಾಗದಗಳೆಲ್ಲ" ಅಂದ್ರ ಯಾವ್ಯಾವು? ನಾ ಎಲ್ಲಾ ಕೊಟ್ಟೀನಿ ಅಂತ ತಿಳ್ಕೊಂಡಿರ್ತೀನಿ, ಅವ್ರು ಇನ್ನೂ ಬಂದಿಲ್ಲ ಅಂತ ಕುಂತಿರ್ತಾರ. ಎಣಿಕಿ ಯಾವ ದಿನದಿಂದ ಶುರು ಅನ್ನೋದು ನನಗ ಹೆಂಗ ತಿಳೀಬೇಕು?

ಆರ್ಟಿಕಲ್ ಎರಡನೇ ವರ್ಷ

ಅಣ್ಣ ಹೇಳಿದ್ದು ಸರಿ. ನಾವು ಕಳಿಸೋ ಆ ಸಾಲುಗಳ ಹಾಳೆ ಇದೆಯಲ್ಲ, ಅದು ತುಂಬಿ ವಾಪಸು ಬಂದ ದಿನವೇ ಎಣಿಕೆಯ ಮೊದಲ ದಿನ ಅಂತ ಬರೀರಿ. ಅವತ್ತೇ ಆಫೀಸಿನಿಂದ "ಇವತ್ತಿನಿಂದ ಎಣಿಕೆ ಶುರು" ಅಂತ ಒಂದು ಸಂದೇಶ ಹೋದ್ರೆ ವಾದಕ್ಕೆ ಜಾಗವೇ ಇರಲ್ಲ.

ಆಮೇಲೆ ದುಡ್ಡು ಮೂರು ಥರ ಅಂತ ಬಿಡಿಸಿ ಹೇಳಿ. ಒಂದು ಆಫೀಸಿನ ಶುಲ್ಕ. ಎರಡು ಅದರ ಮೇಲೆ ಶೇ 18 ಜಿಎಸ್‌ಟಿ, ಆಫೀಸು ನೋಂದಣಿ ಆಗಿದ್ರೆ. ಮೂರು, ಸರ್ಕಾರಕ್ಕೆ ಹೋಗೋ ತೆರಿಗೆ, ಬಡ್ಡಿ, ತಡ ಶುಲ್ಕ. ಮೂರನ್ನೂ ಸೇರಿಸಿ ಒಂದೇ ಸಲ ಕೊಟ್ಟವರು ಹೊರಗೆ ಹೋಗಿ "ಆಡಿಟರ್ ಇಷ್ಟೊಂದು ತಗೊಂಡ್ರು" ಅಂತಾರೆ. ತೆರಿಗೆಯನ್ನ ಕಕ್ಷಿದಾರರು ತಮ್ಮ ಖಾತೆಯಿಂದ ನೇರವಾಗಿ ಕಟ್ಟಿದ್ರೆ ಈ ಮಾತು ಬರಲ್ಲ.

ಸಂಬಳದವ

ಇಷ್ಟೆಲ್ಲ ಆದ್ರೂ ಮೇಡಂ ಕೇಳಿದ ಎರಡನೇ ಪ್ರಶ್ನೆಗೆ ಯಾರೂ ಬಂದಿಲ್ಲ. ನಾಲ್ಕು ತಿಂಗಳ ಮೇಲೆ ಬಂದ ಪತ್ರಕ್ಕೆ ಉತ್ತರ ಕೊಡೋದು ಶುಲ್ಕದಲ್ಲಿ ಸೇರಿತ್ತಾ ಇಲ್ವಾ? ನನ್ನ ಪ್ರಕಾರ ರಿಟರ್ನ್ ಸಲ್ಲಿಸಿದ ದಿನಕ್ಕೆ ಕೆಲಸ ಮುಗೀತು.

ಹಳೆ ಲೆಡ್ಜರ್

ಸಲ್ಲಿಸಿದ ದಿನಕ್ಕಂತೂ ಮುಗಿಯಲ್ಲ. ಸಲ್ಲಿಸಿ ಮೂವತ್ತು ದಿನದೊಳಗೆ ಇ-ವೆರಿಫೈ ಆಗಬೇಕು, ಒಟಿಪಿ ಬರೋದು ಕಕ್ಷಿದಾರರಿಗೆ. ಅದು ತಪ್ಪಿದ್ರೆ ಆಮೇಲೆ ವೆರಿಫೈ ಮಾಡಿದ ದಿನವನ್ನೇ ಸಲ್ಲಿಸಿದ ದಿನ ಅಂತ ಹಿಡಿತಾರೆ, ಕೊನೆಯ ದಿನಾಂಕ ದಾಟಿದ್ರೆ ತಡ ಶುಲ್ಕ ಬೀಳುತ್ತೆ.

ನನ್ನ ಆಫೀಸಿನಲ್ಲಿ ನಾನು ಪಾಲಿಸಿದ ಗೆರೆ ಬೇರೆ. ರಿಟರ್ನ್ ಪರಿಶೀಲಿಸಿ ಇಲಾಖೆ ಒಂದು ಸೂಚನಾಪತ್ರ ಕಳಿಸುತ್ತೆ, ನಾವು ಇಂಟಿಮೇಷನ್ ಅಂತೀವಿ. ಕೆಲವರಿಗೆ ಕೆಲವೇ ದಿನಗಳಲ್ಲಿ ಬರುತ್ತೆ, ಕೆಲವರಿಗೆ ತಿಂಗಳುಗಳಾಗುತ್ತೆ. ಅದರಲ್ಲಿ ಅಕ್ಕಪಕ್ಕ ಎರಡು ಕಾಲಂ ಇರುತ್ತೆ, ನಾವು ತೋರಿಸಿದ ಲೆಕ್ಕ ಒಂದರಲ್ಲಿ, ಇಲಾಖೆ ಮಾಡಿದ ಲೆಕ್ಕ ಇನ್ನೊಂದರಲ್ಲಿ. ಆ ಎರಡು ಕಾಲಂ ತಾಳೆ ನೋಡಿ ಕಕ್ಷಿದಾರರಿಗೆ ಹೇಳೋವರೆಗೂ ನನ್ನ ಶುಲ್ಕದಲ್ಲೇ ಸೇರಿತ್ತು.

ತಾಳೆ ಆಗದಿದ್ರೆ ಯಾಕೆ ಅಂತ ನೋಡ್ತಿದ್ವಿ. ನಾವು ಅಂಕಿ ತಪ್ಪು ತುಂಬಿದ್ರೆ ಸರಿಮಾಡಿ ಕೊಡೋದು ನಮ್ಮ ಹೊಣೆ, ಅದಕ್ಕೆ ಬಿಲ್ ಇಲ್ಲ. ಕಕ್ಷಿದಾರರು ಒಂದು ಠೇವಣಿಯ ಬಡ್ಡಿ ಹೇಳಲೇ ಇಲ್ಲ, ಅದು ಇಲಾಖೆಗೆ ಬ್ಯಾಂಕಿನಿಂದ ಹೋಗಿತ್ತು ಅಂದ್ರೆ ಅದು ಹೊಸ ಕೆಲಸ. ಶುರು ಮಾಡೋ ಮೊದಲೇ ಮೊತ್ತ ಹೇಳಿ ಒಪ್ಪಿಗೆ ತಗೋತಿದ್ವಿ.

ಆರ್ಟಿಕಲ್ ಎರಡನೇ ವರ್ಷ

ಸರ್, ಒಂದು ಮಾತು. ಬ್ಯಾಂಕು ಇಲಾಖೆಗೆ ಹೇಳಿದ ಬಡ್ಡಿ ಪೋರ್ಟಲಿನಲ್ಲಿರೋ ಎಐಎಸ್ ಅನ್ನೋ ಮಾಹಿತಿ ಪಟ್ಟಿಯಲ್ಲಿ ಕಾಣುತ್ತಲ್ಲ. ಸಲ್ಲಿಸೋ ಮೊದಲು ನಾವೇ ಅದನ್ನ ಇಳಿಸಿಕೊಂಡು ನೋಡಬೇಕಿತ್ತು. ಕಕ್ಷಿದಾರರು ಹೇಳಲಿಲ್ಲ ಅಂತ ಅವರ ಮೇಲೆ ಹಾಕೋದು ಎಷ್ಟು ಸರಿ?

ಹಳೆ ಲೆಡ್ಜರ್

ಒಳ್ಳೆ ಪ್ರಶ್ನೆ. ನಾನು ಹೇಳಿದ್ದು ಎಐಎಸ್ ಇಲ್ಲದ ಕಾಲದ ಪದ್ಧತಿ. ಈಗ ಸಲ್ಲಿಸೋ ದಿನ ಎಐಎಸ್‌ನಲ್ಲಿ ಕಂಡಿದ್ದನ್ನ ಆಫೀಸು ಬಿಟ್ಟರೆ ಅದು ಆಫೀಸಿನ ತಪ್ಪು ಅಂತಲೇ ನಾನೂ ಹೇಳ್ತೀನಿ. ಆದ್ರೆ ಅದರಲ್ಲಿ ಕೆಲವು ಮಾಹಿತಿ ತಡವಾಗಿ ಸೇರುತ್ತೆ, ಆಮೇಲೆ ಬದಲಾಗೋದೂ ಉಂಟು. ಹಾಗಾಗಿ ಸಲ್ಲಿಸೋ ದಿನ ಇಳಿಸಿಕೊಂಡ ಪ್ರತಿಯನ್ನ ಕಡತದಲ್ಲಿ ಇಡಬೇಕು, ಒಂದು ಪ್ರತಿ ಕಕ್ಷಿದಾರರಿಗೂ ಕೊಡಬೇಕು. ಅವತ್ತು ಅದರಲ್ಲಿ ಏನಿತ್ತು ಅಂತ ಆಮೇಲೆ ಇಬ್ಬರೂ ನೋಡಬಹುದು.

ಸಂಬಳದವ

ಆಫೀಸಿನ ತಪ್ಪೋ ಕಕ್ಷಿದಾರರ ತಪ್ಪೋ ಅಂತ ತೀರ್ಮಾನ ಮಾಡೋದು ಯಾರು? ಆಫೀಸೇ ಅಲ್ವಾ? ಅದಕ್ಕಿಂತ ಸೂಚನಾಪತ್ರಕ್ಕೆ ಒಂದು ಉತ್ತರ ಯಾರ ತಪ್ಪಾದ್ರೂ ಶುಲ್ಕದಲ್ಲೇ ಸೇರಿದೆ ಅಂತ ಬರೆದುಬಿಡೋದು ವಾಸಿ.

ಲೆಕ್ಕಾಚಾರಿ

ಹಾಗೆ ಮಾಡಿದ್ರೆ ಸರಿಯಾಗಿ ಕಾಗದ ಕೊಟ್ಟವರೂ ಕೊಡದವರ ಖರ್ಚು ಹೊರಬೇಕಾಗುತ್ತೆ. ಎಲ್ಲರ ಶುಲ್ಕಕ್ಕೂ ಅದು ಸೇರಿಬಿಡುತ್ತೆ.

ಬರಹದ ಕೆಲಸ

ಇದನ್ನ ನಾನು ತೀರ್ಮಾನ ಮಾಡೋಕೆ ಆಗಲ್ಲ. ಎರಡನ್ನೂ ಬರೆದು ಆಫೀಸಿನ ಪಾಲುದಾರರ ಮುಂದಿಡ್ತೀನಿ, ಆರಿಸ್ಕೊಳ್ಳೋದು ಅವರು. ಹಳೆ ಲೆಡ್ಜರ್ ಸರ್ ಹೇಳಿದ ಗೆರೆ ಹಿಡಿದು ಬರೆದದ್ದು ಹೀಗಿದೆ:

"ಈ ಶುಲ್ಕದಲ್ಲಿ ಸೇರಿರುವುದು: ಬ್ಯಾಂಕ್ ಸಾಲುಗಳ ವಿಂಗಡಣೆ, ನೀವು ಹೇಳಿದ್ದಕ್ಕೂ ಎಐಎಸ್‌ನಲ್ಲಿರುವುದಕ್ಕೂ ತಾಳೆ, ರಿಟರ್ನ್ ಸಲ್ಲಿಕೆ, ನಿಮ್ಮ ಒಟಿಪಿಯಿಂದ ಇ-ವೆರಿಫೈ, ಮತ್ತು ಇಲಾಖೆಯ ಸೂಚನಾಪತ್ರ ಬಂದಾಗ ಅದನ್ನು ಓದಿ ನಿಮಗೆ ವಿವರಿಸುವುದು. ನಮ್ಮ ಕೆಲಸ ಅಲ್ಲಿಗೆ ಮುಗಿಯುತ್ತದೆ.

ಪತ್ರದಲ್ಲಿ ಹೆಚ್ಚುವರಿ ತೆರಿಗೆ ಕೇಳಿದ್ದರೆ, ಸಲ್ಲಿಸಿದ ದಿನ ನಮ್ಮ ಕಡತದಲ್ಲಿದ್ದ ಮಾಹಿತಿಯನ್ನು ನಾವೇ ಬಿಟ್ಟಿದ್ದರೆ ಶುಲ್ಕವಿಲ್ಲದೆ ಸರಿಪಡಿಸುತ್ತೇವೆ. ಅವತ್ತು ಕಡತದಲ್ಲಿ ಇಲ್ಲದ ಮಾಹಿತಿಯಿಂದ ಆಗಿದ್ದರೆ ಅದು ಹೊಸ ಕೆಲಸ. ಅದರ ಮೊತ್ತವನ್ನು ಮೊದಲು ಬರೆದು ತಿಳಿಸುತ್ತೇವೆ, ನೀವು ಒಪ್ಪಿದ ಮೇಲೆಯೇ ಉತ್ತರ ಬರೆಯುತ್ತೇವೆ. ಕಡತದ ಒಂದು ಪ್ರತಿ ನಿಮ್ಮ ಬಳಿಯೂ ಇರುತ್ತದೆ."

ಪದಜಿಜ್ಞಾಸು

"ತಾಳೆ" ಚೆನ್ನಾಗಿದೆ, ಉಳಿಸ್ಕೊಳ್ಳಿ. "ಎಐಎಸ್" ಅಂದ್ರೇನು ಅಂತ ಅಂಗಡಿಯವರಿಗೆ ಗೊತ್ತಿರುತ್ತಾ? "ನಿಮ್ಮ ಬಗ್ಗೆ ಬ್ಯಾಂಕು ಮತ್ತು ಬೇರೆಯವರು ಇಲಾಖೆಗೆ ಕೊಟ್ಟ ಮಾಹಿತಿಯ ಪಟ್ಟಿ" ಅಂತ ಮೊದಲ ಸಲ ಬಂದ ಕಡೆ ಬಿಡಿಸಿ ಹೇಳಿ.

ನೇರಮಾತು

ನಾನು ಇನ್ನೂ ದರ ಹಾಕಬೇಕು ಅಂತಲೇ ಹೇಳೋನು. ಆದ್ರೆ ಈ ಪುಟ ಓದಿದ್ರೆ ಫೋನ್ ಮಾಡೋ ಮುಂಚೆ ಸ್ಟೇಟ್‌ಮೆಂಟ್ ತೆಗೆದಿಟ್ಕೊಳ್ತೀನಿ.

ಹೊಸಬ_ಇಲ್ಲಿಗೆ

ಮೊಬೈಲ್ ನಂಬರು, ಇಮೇಲ್ ಬದಲಾಯಿಸಿದೆ. ಒಳಗೆ ಹೋಗಿ ನೋಡಿದ್ರೆ ಮೂರು ವರ್ಷದ ರಿಟರ್ನ್ ಮಾತ್ರ ಇದೆ, ಆಡಿಟ್ ವರದಿ ಒಂದೂ ಇಲ್ಲ. ಜೊತೆಗೆ ನಾನು ನೋಡೇ ಇರದ ಒಂದು ಪತ್ರ ಕೂತಿದೆ. ಅದನ್ನ ಬೇರೆ ಚರ್ಚೆಯಲ್ಲಿ ಕೇಳ್ತೀನಿ.

ಅಂಗಡಿ ಕಾಯೋನು

ಬರಹದ ಕೆಲಸ ಅವರ, ನಾಳೆ ಬ್ಯಾಂಕಿಗೆ ಹೋಗಿ ಅಂಗಡಿ ಹೆಸರಿಲೆ ಬೇರೆ ಖಾತೆ ತಗೀತೀನಿ. ವರ್ಷದ ನಡುವ ತಗದ್ರ ಹಳೇ ಖಾತೆ ಸಾಲು ಹಂಗ ಉಳೀತಾವೇನ್ರಿ ತಂಗಿ?

ಆರ್ಟಿಕಲ್ ಎರಡನೇ ವರ್ಷ

ಇಲ್ಲಿವರೆಗಿನವು ಉಳಿಯುತ್ತವೆ ಅಣ್ಣಾ. ಕೆಲಸ ಅರ್ಧಕ್ಕೆ ಇಳಿದ್ರೂ ಲಾಭವೇ. ಹಳೇ ಖಾತೆಯ ಕ್ಯೂಆರ್ ಕಾರ್ಡ್ ಅಂಗಡಿಯಿಂದ ತೆಗೆಯೋದು ಮರೀಬೇಡಿ, ಎಲ್ಲರೂ ಮರೆಯೋದು ಅದನ್ನೇ.